ಪರ್ಷಿಯನ್ ಲ್ಯಾಬ್ ರಿಪೋರ್ಟನ್ನು ಇಂಗ್ಲಿಷಿಗೆ ತರುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಬೆಂಗಳೂರುಗಳಿಗೆ ಓದಲು ಬಂದ ಇರಾನಿನ ವಿದ್ಯಾರ್ಥಿಗಳು ತಮ್ಮ ಊರಿನ ಹಳೆಯ ರಕ್ತಪರೀಕ್ಷೆಯ ಹಾಳೆಗಳನ್ನು ಇಲ್ಲಿನ ವೈದ್ಯರಿಗೆ ತೋರಿಸಬೇಕಾದ ಸಂದರ್ಭ ಆಗಾಗ ಬರುತ್ತದೆ. ಅಂಥ ಹಾಳೆಯನ್ನು ಇಂಗ್ಲಿಷಿಗೆ ತರುವವರಿಗಾಗಿ, ಅಥವಾ ಹಾಗೆ ತಂದದ್ದನ್ನು ಓದಬೇಕಾದವರಿಗಾಗಿ ಈ ಪುಟ. ಇಲ್ಲಿರುವ ಮಾತು ಇರಾನಿನ ವರದಿಗಳ ಬಗ್ಗೆ. ಅಫ್ಘಾನಿಸ್ತಾನದ ದಾರಿ ಭಾಷೆಯ ವರದಿಗಳ ವಿಚಾರ ಕೊನೆಯ ಕಡೆ ಚುಟುಕಾಗಿ ಬರುತ್ತದೆ.

ಇರಾನಿನ ವರದಿಯಲ್ಲಿ ಪರೀಕ್ಷೆಗಳ ಹೆಸರು ಇಂಗ್ಲಿಷಿನಲ್ಲೇ ಇರುತ್ತದಲ್ಲ, ಅನುವಾದಿಸಲು ಉಳಿಯುವುದೇನು?

ಅನೇಕ ವರದಿಗಳಲ್ಲಿ FBS, TSH, CBC ಮುಂತಾದ ಹೆಸರುಗಳೂ mg/dL ಮುಂತಾದ ಏಕಮಾನಗಳೂ ಇಂಗ್ಲಿಷಿನಲ್ಲೇ ಅಚ್ಚಾಗಿರುತ್ತವೆ ಎಂಬುದು ನಿಜ. ಆದರೆ ರೋಗಿಯ ಹೆಸರು, ವಯಸ್ಸು, ಲಿಂಗ, ಕಳಿಸಿದ ವೈದ್ಯರ ಹೆಸರು, ಮಾದರಿ ಪಡೆದ ದಿನ, ವರದಿ ಕೊಟ್ಟ ದಿನ, ಹಾಳೆಯ ಅಡಿಯ ಷರಾ ಮತ್ತು ಮುದ್ರೆ ಪರ್ಷಿಯನ್ನಿನಲ್ಲಿರುತ್ತವೆ. ಕೋಷ್ಟಕದ ತಲೆಬರಹಗಳೂ ಹಾಗೆಯೇ: ಪರೀಕ್ಷೆಗೆ ‘ಆಜ್ಮಾಯೆಶ್’, ಫಲಿತಾಂಶಕ್ಕೆ ‘ನತೀಜೆ’ ಅಥವಾ ‘ಜವಾಬ್’, ಏಕಮಾನಕ್ಕೆ ‘ವಾಹೆದ್’, ಉಲ್ಲೇಖ ವ್ಯಾಪ್ತಿಗೆ ‘ಮಹ್ದೂದೆ-ಯೆ ಮರ್ಜ’. ಹಾಳೆ ಪೂರ್ತಿ ಪರ್ಷಿಯನ್ನಿನಲ್ಲಿದ್ದರೆ ಸಕ್ಕರೆಯ ಪರೀಕ್ಷೆ ‘ಘಂದೆ ಖೂನೆ ನಾಶ್ತಾ’ ಎಂದೂ ಅದರ ಏಕಮಾನ ‘ಮಿಲಿಗರಮ್ ದರ್ ದೆಸಿಲಿತರ್’ ಎಂದೂ ಬರಬಹುದು. ಇವು FBS ಮತ್ತು mg/dL ಎಂದು ಗುರುತಿಸುವುದು ಕಷ್ಟವಲ್ಲ.

ಕಷ್ಟ ಇರುವುದು ಪದಗಳಲ್ಲಲ್ಲ, ಅಂಕಿಗಳಲ್ಲಿ. ಪದ ತಪ್ಪಿದರೆ ಓದುವ ವೈದ್ಯರಿಗೆ ಏನೋ ಹೊಂದುತ್ತಿಲ್ಲ ಎಂದು ತಿಳಿಯುತ್ತದೆ. ಅಂಕಿ ತಪ್ಪಿದರೆ ಹಾಳೆ ಅಚ್ಚುಕಟ್ಟಾಗಿಯೇ ಕಾಣುತ್ತದೆ, ರೋಗಿಯ ಕಾಯಿಲೆ ಮಾತ್ರ ಬೇರೆಯಾಗಿಬಿಡುತ್ತದೆ. ಹಾಗಾಗಿ ಈ ಪುಟದ ಹೆಚ್ಚಿನ ಭಾಗ ಅಂಕಿಗಳ ಬಗ್ಗೆಯೇ ಇದೆ.

ಪರ್ಷಿಯನ್ ಅಂಕಿಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವವು ಯಾವುವು?

ಮೊದಲನೆಯದು ಸೊನ್ನೆ. ಪರ್ಷಿಯನ್ ಸೊನ್ನೆ ۰ ಎಂದರೆ ಸಾಲಿನ ನಡುವಿನ ಒಂದು ಪುಟ್ಟ ಸುತ್ತು. ಕೈಬರಹದಲ್ಲಿ ಬರೀ ಚುಕ್ಕೆ. ನಮ್ಮ ಕಣ್ಣಿಗೆ ಅದು ದಶಮಾಂಶ ಬಿಂದುವಿನಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ಐದು ۵ ದುಂಡಗಿರುವುದರಿಂದ ಅದನ್ನು ಇಂಗ್ಲಿಷಿನ ಸೊನ್ನೆ ಎಂದು ಓದುವ ಅಪಾಯವಿದೆ. ۲ ಮತ್ತು ۳ರ ನಡುವೆ ಒಂದೇ ಒಂದು ಹಲ್ಲಿನ ವ್ಯತ್ಯಾಸ, ಮಸುಕಾದ ಫ್ಯಾಕ್ಸ್ ಪ್ರತಿಯಲ್ಲಿ ಅದೂ ಅಳಿಸಿಹೋಗಿರುತ್ತದೆ. ۷ ಮತ್ತು ۸ ಒಂದು ಇನ್ನೊಂದನ್ನು ತಲೆಕೆಳಗು ಮಾಡಿದಂತಿರುವುದರಿಂದ ಮೊಬೈಲಿನಲ್ಲಿ ತೆಗೆದ ಫೋಟೋ ತಿರುಗಿದ್ದರೆ ಕಣ್ಣು ಮೋಸಹೋಗುತ್ತದೆ.

ಅರಬ್ಬಿ ಅಂಕಿಗಳನ್ನು ಬಲ್ಲವರು ಇನ್ನೊಂದು ವಿಷಯ ಗಮನಿಸಬೇಕು. ನಾಲ್ಕು, ಐದು, ಆರು ಎಂಬ ಮೂರು ಅಂಕಿಗಳಿಗೆ ಪರ್ಷಿಯನ್ನಿನ ರೂಪ ۴ ۵ ۶, ಅರಬ್ಬಿಯ ರೂಪ ٤ ٥ ٦. ಒಂದೇ ವರದಿಯಲ್ಲಿ ಅಚ್ಚಾದ ಭಾಗ ಒಂದು ರೂಪದಲ್ಲೂ ಕೈಯಲ್ಲಿ ಬರೆದ ಭಾಗ ಇನ್ನೊಂದರಲ್ಲೂ ಇರಬಹುದು. ಕೈಬರಹದ ಅಂಕಿಯ ಬಗ್ಗೆ ಅನುಮಾನ ಬಂದಾಗ ಅದೇ ಹಾಳೆಯ ಮೇಲೆ ಅದೇ ಕೈ ಬರೆದ ದಿನಾಂಕವನ್ನೋ ದಾಖಲಾತಿ ಸಂಖ್ಯೆಯನ್ನೋ ನೋಡಿ, ಆ ಅಂಕಿಯನ್ನು ಆ ವ್ಯಕ್ತಿ ಹೇಗೆ ಬರೆಯುತ್ತಾರೆಂದು ಹೋಲಿಸುವುದು ಉತ್ತಮ ದಾರಿ. ಅನುಮಾನ ಅದರಿಂದಲೂ ತೀರದಿದ್ದರೆ ಊಹಿಸಬಾರದು. ಓದಲಾಗುತ್ತಿಲ್ಲ ಎಂದೇ ಅನುವಾದದಲ್ಲಿ ಬರೆಯಬೇಕು.

ಫಲಿತಾಂಶದ ಜಾಗದಲ್ಲಿ ۱/۳ ಎಂದಿದೆ. ಇದು ಮೂರರಲ್ಲಿ ಒಂದು ಭಾಗವೇ?

ಅಲ್ಲ, ಬಹುಪಾಲು ಸಂದರ್ಭಗಳಲ್ಲಿ ಇದು 1.3. ಪರ್ಷಿಯನ್ ಬರವಣಿಗೆಯಲ್ಲಿ ದಶಮಾಂಶವನ್ನು ‘ಮೊಮಯ್ಯೆಜ್’ ಎನ್ನುತ್ತಾರೆ. ಅದಕ್ಕೆ ٫ ಎಂಬ ಪ್ರತ್ಯೇಕ ಚಿಹ್ನೆ ಇದೆಯಾದರೂ ಸಾಮಾನ್ಯ ಕೀಲಿಮಣೆಯಲ್ಲಿ ಅದನ್ನು ಹುಡುಕುವುದು ತ್ರಾಸವಾದ್ದರಿಂದ ಮತ್ತು ಬಿಂದು ಇಟ್ಟರೆ ಸೊನ್ನೆಯೊಂದಿಗೆ ಕಲಸಿಹೋಗುವುದರಿಂದ ಜನ ಓರೆಗೆರೆಯನ್ನೇ ಬಳಸುತ್ತಾರೆ. ಕ್ರಿಯಾಟಿನಿನ್ ಎದುರು ۱/۳ ಎಂದಿದ್ದರೆ 1.3 mg/dL ಎಂದೇ ಅರ್ಥ, ಅದರ ವ್ಯಾಪ್ತಿ ۰/۷ ರಿಂದ ۱/۴ ಎಂದಿದ್ದರೆ 0.7ರಿಂದ 1.4 ಎಂದು ಅರ್ಥ.

ಇದನ್ನು ಅರಿಯದವರಿಂದ ಎರಡು ರೀತಿಯ ತಪ್ಪುಗಳಾಗುತ್ತವೆ. ಓರೆಗೆರೆಯನ್ನು ಹಾಗೆಯೇ ಇಟ್ಟು 1/3 ಎಂದು ಟೈಪಿಸಿದರೆ ಓದುವವರಿಗೆ ಅದು 0.33 ಆಗುತ್ತದೆ. ಇನ್ನು ಫೋಟೋದಿಂದ ಅಕ್ಷರ ಗುರುತಿಸುವ ತಂತ್ರಾಂಶವು ಓರೆಗೆರೆಯನ್ನು ಪರ್ಷಿಯನ್ನಿನ ಒಂದು ಎಂದು ತಿಳಿದರೆ 113 ಆಗುತ್ತದೆ, ಪೂರ್ತಿ ನುಂಗಿದರೆ 13 ಆಗುತ್ತದೆ. ಕ್ರಿಯಾಟಿನಿನ್ 13 ಎಂದರೆ ಮೂತ್ರಪಿಂಡ ಬಹುತೇಕ ನಿಂತುಹೋದ ರೋಗಿ. ಸ್ಪ್ರೆಡ್‌ಶೀಟಿನಲ್ಲಿ ಕೋಷ್ಟಕ ಮಾಡುವವರಿಗೆ ಮೂರನೆಯ ತೊಂದರೆಯೂ ಇದೆ: ಕೋಶದಲ್ಲಿ 1/3 ಎಂದು ಟೈಪಿಸಿ ಎಂಟರ್ ಒತ್ತಿದೊಡನೆ ಅದು ಜನವರಿ 3 ಅಥವಾ ಮಾರ್ಚ್ 1 ಎಂಬ ದಿನಾಂಕವಾಗಿ ಬದಲಾಗುತ್ತದೆ. ಆದ್ದರಿಂದ ಅಂಕಿ ತುಂಬುವ ಮೊದಲೇ ಆ ಕಾಲಂಗಳನ್ನು ಪಠ್ಯ ಎಂದು ನಿಗದಿಪಡಿಸಿಕೊಳ್ಳಬೇಕು.

ಹಾಗಾದರೆ ಓರೆಗೆರೆ ಕಂಡಲ್ಲೆಲ್ಲ ಬಿಂದು ಹಾಕಿಬಿಡಬಹುದೇ?

ಬೇಡ. ಇರಾನಿನ ವರದಿಗಳಲ್ಲಿ ಓರೆಗೆರೆ ನಿಜವಾಗಿಯೂ ಓರೆಗೆರೆಯೇ ಆಗಿರುವ ಜಾಗವೊಂದಿದೆ, ಅದು ಟೈಟರ್. ಇರಾನಿನಲ್ಲಿ ಬ್ರೂಸೆಲ್ಲಾ ಸೋಂಕು ಸಾಕಷ್ಟು ಕಾಣಿಸಿಕೊಳ್ಳುವುದರಿಂದ, ಅಲ್ಲಿ ‘ತಬೆ ಮಾಲ್ತ್’ ಎಂದು ಕರೆಯುವ ಆ ಜ್ವರಕ್ಕಾಗಿ ಮಾಡುವ Wright, Coombs Wright ಮತ್ತು 2ME ಎಂಬ ಮೂರು ಪರೀಕ್ಷೆಗಳು ವರದಿಗಳಲ್ಲಿ ಪದೇ ಪದೇ ಬರುತ್ತವೆ. ಅವುಗಳ ಎದುರು ۱/۸۰ ಎಂದಿದ್ದರೆ ಸೀರಮನ್ನು ಎಂಬತ್ತು ಪಟ್ಟು ತೆಳುಗೊಳಿಸಿದಾಗಲೂ ಗಂಟುಗಟ್ಟುವಿಕೆ ಕಂಡಿತು ಎಂದರ್ಥ. ಇದನ್ನು 1.80 ಎಂದು ಬದಲಿಸಿದರೆ ಆ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಟೈಫಾಯಿಡ್‌ಗೆ ಮಾಡುವ Widal ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ.

ಎರಡನ್ನೂ ಬೇರ್ಪಡಿಸಲು ಒಂದು ಗುರುತು ನೆರವಾಗುತ್ತದೆ. ಟೈಟರಿನಲ್ಲಿ ಓರೆಗೆರೆಯ ಎಡಕ್ಕೆ ಯಾವಾಗಲೂ ಒಂದು ಇರುತ್ತದೆ. ಬಲಕ್ಕೆ 20, 40, 80, 160, 320 ಎಂದು ದುಪ್ಪಟ್ಟಾಗುತ್ತ ಹೋಗುವ ಸಂಖ್ಯೆ ಇರುತ್ತದೆ. ಏಕಮಾನದ ಕಾಲಂ ಖಾಲಿ ಇರುತ್ತದೆ ಅಥವಾ ಅಲ್ಲಿ ಟೈಟರ್ ಎಂದೇ ಬರೆದಿರುತ್ತದೆ. ಏಕಮಾನದ ಕಾಲಮಿನಲ್ಲಿ mg/dL ಇದ್ದರೆ ಓರೆಗೆರೆ ದಶಮಾಂಶವೇ. ಅನುವಾದದಲ್ಲಿ ಟೈಟರನ್ನು 1:80 ಎಂದು ಬರೆಯುವುದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಆಗ ಭಿನ್ನರಾಶಿ, ದಶಮಾಂಶ, ದಿನಾಂಕ ಎಂಬ ಮೂರೂ ಅನುಮಾನಗಳು ಒಮ್ಮೆಲೇ ನಿವಾರಣೆಯಾಗುತ್ತವೆ.

ವ್ಯಾಪ್ತಿ ۱۰۰ - ۷۰ ಎಂದು ಹಿಂದುಮುಂದಾಗಿ ಕಾಣುತ್ತಿದೆ. ಇದು ಲ್ಯಾಬಿನ ತಪ್ಪೇ?

ಸಾಮಾನ್ಯವಾಗಿ ಅಲ್ಲ. ಪರ್ಷಿಯನ್ ಬರಹ ಬಲದಿಂದ ಎಡಕ್ಕೆ ಸಾಗುತ್ತದೆ, ಆದರೆ ಒಂದೊಂದು ಸಂಖ್ಯೆಯ ಒಳಗಿನ ಅಂಕಿಗಳು ಎಡದಿಂದ ಬಲಕ್ಕೇ ಇರುತ್ತವೆ. ಹೀಗಾಗಿ ಎಪ್ಪತ್ತರಿಂದ ನೂರು ಎಂದು ಬರೆಯುವ ಪರ್ಷಿಯನ್ ಕೈ ಮೊದಲು ಬಲಗಡೆ ಎಪ್ಪತ್ತನ್ನೂ ಆಮೇಲೆ ಅದರ ಎಡಕ್ಕೆ ನೂರನ್ನೂ ಇಡುತ್ತದೆ. ಗಣಕದಲ್ಲೂ ಪರ್ಷಿಯನ್ ಪದದ ನಂತರ ಬಂದ ಎರಡು ಸಂಖ್ಯೆಗಳ ನಡುವಿನ ಅಡ್ಡಗೆರೆ ಅವುಗಳನ್ನು ಹೀಗೆಯೇ ಅದಲು ಬದಲು ಮಾಡಿ ತೋರಿಸುತ್ತದೆ. ಇಂಗ್ಲಿಷಿಗೆ ತರುವಾಗ ಚಿಕ್ಕ ಸಂಖ್ಯೆಯನ್ನು ಮೊದಲಿಟ್ಟರೆ ಸಾಕು.

ನಿಜವಾಗಿ ಹೆದರಬೇಕಾದದ್ದು ಕಡಿಮೆ, ಹೆಚ್ಚು ಎಂಬುದನ್ನು ತೋರಿಸುವ ಚಿಹ್ನೆಗಳಿಗೆ. ಕೊಲೆಸ್ಟರಾಲ್ 200ಕ್ಕಿಂತ ಕಡಿಮೆ ಇರಬೇಕು ಎಂಬುದನ್ನು ಲ್ಯಾಬಿನವರು <200 ಎಂದು ಟೈಪಿಸಿದರೆ, ಬಲದಿಂದ ಎಡಕ್ಕೆ ಸಾಗುವ ಸಾಲಿನಲ್ಲಿ ಆ ಚಿಹ್ನೆ ಸಂಖ್ಯೆಯ ಬಲಕ್ಕೆ ಹೋಗುವುದಷ್ಟೇ ಅಲ್ಲ, ಕನ್ನಡಿಯಲ್ಲಿ ಕಂಡಂತೆ ತಿರುಗಿಯೂ ನಿಲ್ಲುತ್ತದೆ. ಹಾಳೆಯ ಮೇಲೆ ಅದು 200> ಎಂದು ಕಾಣುತ್ತದೆ. ಇದನ್ನು ಎಡದಿಂದ ಓದಿದರೂ ಇನ್ನೂರು ದೊಡ್ಡದು, ಫಲಿತಾಂಶ ಚಿಕ್ಕದು ಎಂಬ ಅರ್ಥವೇ ಬರುತ್ತದೆ. ಅಲ್ಲಿಯವರೆಗೆ ಎಲ್ಲವೂ ಸರಿ. ಅನುವಾದಕರು ಚಿಹ್ನೆ ಸಂಖ್ಯೆಯ ಮುಂದೆ ಇರಬೇಕೆಂದು ಅದನ್ನು ಎತ್ತಿ >200 ಎಂದು ಇಟ್ಟ ಕ್ಷಣದಲ್ಲಿ ಅರ್ಥ ಪೂರ್ತಿ ಉಲ್ಟಾ ಆಗುತ್ತದೆ. ಇಂಥ ಕಡೆ ಚಿಹ್ನೆಯನ್ನು ನಕಲು ಮಾಡದೆ, ಕಡಿಮೆಯೋ ಹೆಚ್ಚೋ ಎಂದು ಮೊದಲು ಬಾಯಲ್ಲಿ ಹೇಳಿಕೊಂಡು, ಇಂಗ್ಲಿಷಿನಲ್ಲಿ ಅದನ್ನು ಪದದಲ್ಲೇ ಬರೆಯುವುದು ಕ್ಷೇಮ.

ಪರ್ಷಿಯನ್ನಿನಲ್ಲೂ ಪದದಲ್ಲೇ ಬರೆದಿದ್ದರೆ ‘ಕಮ್ತರ್ ಅಜ್’ ಎಂದರೆ ಅದಕ್ಕಿಂತ ಕಡಿಮೆ, ‘ಬಿಶ್ತರ್ ಅಜ್’ ಎಂದರೆ ಅದಕ್ಕಿಂತ ಹೆಚ್ಚು. ‘ತಾ’ ಎಂಬ ಪುಟ್ಟ ಪದ ಎರಡು ಸಂಖ್ಯೆಗಳ ನಡುವೆ ಬಂದರೆ ‘ಇಷ್ಟರಿಂದ ಇಷ್ಟರವರೆಗೆ’, ಒಂದೇ ಸಂಖ್ಯೆಯ ಮುಂದೆ ಬಂದರೆ ‘ಇಷ್ಟರವರೆಗೆ’. ಅದನ್ನು ಬಿಟ್ಟು ಬರೀ 45 ಎಂದು ಬರೆದರೆ ಓದುವವರಿಗೆ ಅದು ಮೇಲಿನ ಮಿತಿ ಎಂದೇ ತಿಳಿಯುವುದಿಲ್ಲ.

ಏಕಮಾನಗಳನ್ನು ಓದುವ ದೇಶಕ್ಕೆ ತಕ್ಕಂತೆ ಪರಿವರ್ತಿಸಿ ಕೊಡಬೇಕೇ?

ಮುಖ್ಯ ಕೋಷ್ಟಕದಲ್ಲಿ ಖಂಡಿತ ಕೂಡದು. ಫಲಿತಾಂಶ, ಏಕಮಾನ ಮತ್ತು ಉಲ್ಲೇಖ ವ್ಯಾಪ್ತಿ ಈ ಮೂರೂ ಒಂದೇ ಗಂಟು. ಒಂದನ್ನು ಮಾತ್ರ ಬದಲಿಸಿ ಉಳಿದೆರಡನ್ನು ಬಿಟ್ಟರೆ ಹಾಳೆ ಸುಳ್ಳು ಹೇಳುತ್ತದೆ. ಇರಾನಿನಲ್ಲೂ ನಮ್ಮಲ್ಲಿಯಂತೆ ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್, ಕೊಲೆಸ್ಟರಾಲ್‌ಗಳಿಗೆ mg/dL ಬಳಕೆಯಲ್ಲಿರುವುದರಿಂದ ವರದಿ ಬೆಂಗಳೂರಿನ ವೈದ್ಯರ ಕೈಗೆ ಹೋಗುವುದಾದರೆ ಪರಿವರ್ತನೆಯ ಪ್ರಶ್ನೆಯೇ ಏಳುವುದಿಲ್ಲ. ಬ್ರಿಟನ್ನಿಗೋ ಆಸ್ಟ್ರೇಲಿಯಾಕ್ಕೋ ಹೋಗುವುದಾದರೆ ಅಲ್ಲಿ mmol/L ಓದುವ ರೂಢಿ ಇದೆ. ಆಗಲೂ ಮೂಲವನ್ನು ಮೂಲದಂತೆಯೇ ಇಟ್ಟು, ಪರಿವರ್ತಿತ ಮೌಲ್ಯವನ್ನು ಅನುವಾದಕರ ಟಿಪ್ಪಣಿ ಎಂದು ಹೆಸರಿಸಿ ಕೆಳಗೆ ಪ್ರತ್ಯೇಕವಾಗಿ ಕೊಡಬೇಕು. ಸಕ್ಕರೆಯನ್ನು 18ರಿಂದ ಭಾಗಿಸಬೇಕು, ಕ್ರಿಯಾಟಿನಿನ್ನನ್ನು 88.4ರಿಂದ ಗುಣಿಸಿದರೆ µmol/L ಬರುತ್ತದೆ. ಒಂದು ವಸ್ತುವಿನ ಗುಣಕ ಇನ್ನೊಂದಕ್ಕೆ ಸಲ್ಲುವುದಿಲ್ಲ, ಏಕೆಂದರೆ ಗುಣಕ ನಿಂತಿರುವುದು ಆಯಾ ವಸ್ತುವಿನ ಅಣುತೂಕದ ಮೇಲೆ.

ರಕ್ತಕಣಗಳ ಎಣಿಕೆಯಲ್ಲಿ ನಮ್ಮವರು ಮಾಡುವ ಒಂದು ಬದಲಾವಣೆಯನ್ನೂ ಇಲ್ಲಿ ಹೇಳಬೇಕು. ಪ್ಲೇಟ್ಲೆಟ್ 245 ×10³/µL ಎಂದಿದ್ದರೆ ಅದನ್ನು 2.45 ಲಕ್ಷ ಎಂದು ಬರೆಯುವುದು ನಮ್ಮ ಆಸ್ಪತ್ರೆಗಳಿಗೆ ಒಗ್ಗಿದ ಮಾತೇ ಆದರೂ ಅನುವಾದದಲ್ಲಿ ಅದು ಬೇಡ. ಪೂರ್ಣ ಸಂಖ್ಯೆಯಲ್ಲಿ ಅಚ್ಚಾಗಿದ್ದರೆ ಸಾವಿರವನ್ನು ಬೇರ್ಪಡಿಸುವ ٬ ಚಿಹ್ನೆ ಮೇಲ್ಗಡೆಯೂ ದಶಮಾಂಶದ ٫ ಚಿಹ್ನೆ ಕೆಳಗಡೆಯೂ ಇರುತ್ತದೆಂಬುದನ್ನು ಗಮನಿಸಬೇಕು. ಎರಡೂ ನೋಡಲು ಒಂದೇ ತೆರನಾದ ಪುಟ್ಟ ಗೆರೆಗಳು.

ಯೂರಿಯಾ ಮತ್ತು BUN ಒಂದೇ ಅಲ್ಲವೇ?

ಈ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಎಲ್ಲ ಅಂಕಿಗಳೂ ಸರಿಯಾಗಿದ್ದು ಅನುವಾದ ಕೆಡುವ ಜಾಗ ಇದು.

ಎರಡೂ ಪರೀಕ್ಷೆಗಳು ಅಳೆಯುವುದು ರಕ್ತದಲ್ಲಿರುವ ಅದೇ ಯೂರಿಯಾವನ್ನು. ಆದರೆ ಒಂದು ಇಡೀ ಯೂರಿಯಾ ಅಣುವಿನ ತೂಕವನ್ನು ಹೇಳುತ್ತದೆ, BUN ಅದರೊಳಗಿನ ಸಾರಜನಕದ ತೂಕವನ್ನು ಮಾತ್ರ ಹೇಳುತ್ತದೆ. ಯೂರಿಯಾದ ಅಣುತೂಕ 60, ಅದರಲ್ಲಿರುವ ಎರಡು ಸಾರಜನಕ ಪರಮಾಣುಗಳ ತೂಕ 28. ಹಾಗಾಗಿ ಯೂರಿಯಾದ ಅಂಕಿ BUN ಅಂಕಿಯ 2.14 ಪಟ್ಟು ಇರುತ್ತದೆ. ಎರಡರದೂ ಏಕಮಾನ mg/dL ಆದ್ದರಿಂದ ಏಕಮಾನ ನೋಡಿ ಇವನ್ನು ಬೇರ್ಪಡಿಸಲಾಗದು. ಇರಾನಿನ ವರದಿಗಳಲ್ಲಿ ಎರಡೂ ಬಳಕೆಯಲ್ಲಿವೆ. ಪರ್ಷಿಯನ್ನಿನಲ್ಲಿ ‘ಊರೆ’ ಎಂದಿದ್ದರೆ ಅದು ಯೂರಿಯಾ.

ಒಂದು ಮಾದರಿಯನ್ನು ಇಟ್ಟುಕೊಂಡು ನೋಡೋಣ. ಇದು ಈ ಪುಟಕ್ಕಾಗಿಯೇ ರಚಿಸಿದ್ದು, ಯಾರ ವರದಿಯೂ ಅಲ್ಲ. ಐವತ್ತೆರಡು ವರ್ಷದ ಪುರುಷರೊಬ್ಬರ ಹಾಳೆಯಲ್ಲಿ ಹೀಗಿದೆ: ‘ಘಂದೆ ನಾಶ್ತಾ’ ۱۱۸, ವ್ಯಾಪ್ತಿ ۱۰۰ - ۷۰. ‘ಊರೆ’ ۳۸, ವ್ಯಾಪ್ತಿ ۴۵ - ۱۵. ‘ಕ್ರಿಯಾತಿನಿನ್’ ۱/۳, ವ್ಯಾಪ್ತಿ ۱/۴ - ۰/۷. Wright ۱/۸۰. ಅಮೆರಿಕದ ವರದಿಗಳನ್ನು ಹೆಚ್ಚು ನೋಡಿ ಅಭ್ಯಾಸವಿದ್ದ ಅನುವಾದಕರು ‘ಊರೆ’ ಎಂಬುದಕ್ಕೆ BUN ಎಂದು ಬರೆದು, ಅಂಕಿಯನ್ನು 38 ಎಂದೇ ಉಳಿಸಿದರೆನ್ನಿ. BUN ಸಾಮಾನ್ಯವಾಗಿ 7ರಿಂದ 20ರೊಳಗೆ ಇರಬೇಕೆಂದು ತಿಳಿದ ವೈದ್ಯರಿಗೆ 38 ಎಂಬುದು ಹೆಚ್ಚುಕಡಿಮೆ ದುಪ್ಪಟ್ಟು. ಮೂತ್ರಪಿಂಡಕ್ಕೆ ಏನಾಗಿದೆ, ದೇಹದಲ್ಲಿ ನೀರಿನಂಶ ಕಡಿಮೆಯಾಗಿದೆಯೇ, ಹೊಟ್ಟೆಯೊಳಗೆ ರಕ್ತಸ್ರಾವವಿದೆಯೇ ಎಂದು ಅವರು ಹುಡುಕಲು ಹೊರಡುತ್ತಾರೆ. ನಿಜದಲ್ಲಿ 38ನ್ನು 2.14ರಿಂದ ಭಾಗಿಸಿದರೆ ಸುಮಾರು 17.8 ಬರುತ್ತದೆ, ಅದು ಮಿತಿಯೊಳಗೇ ಇದೆ. ತಪ್ಪು ಅನುವಾದದಲ್ಲಿ ವ್ಯಾಪ್ತಿಯನ್ನು 15–45 ಎಂದೇ ಉಳಿಸಿದ್ದರೆ ಎಚ್ಚರಿಕೆಯ ವೈದ್ಯರು ಅದನ್ನು ಕಂಡು ಅನುಮಾನಿಸುತ್ತಾರೆ. ವ್ಯಾಪ್ತಿಯನ್ನೂ ‘ಸರಿಪಡಿಸಿ’ 7–20 ಎಂದು ಬರೆದಿದ್ದರೆ ಆ ಕೊನೆಯ ಸುಳಿವೂ ಅಳಿಸಿಹೋಗುತ್ತದೆ.

ಸರಿಯಾದ ಅನುವಾದದ ಸಾಲುಗಳು ಹೀಗಿರಬೇಕು:

```
Fasting blood sugar (FBS)   118    mg/dL   70–100
Urea                        38     mg/dL   15–45
Creatinine                  1.3    mg/dL   0.7–1.4
Wright (Brucella)           1:80   titer   -
```

ಮೂಲದಲ್ಲಿ Wright ಎದುರು ವ್ಯಾಪ್ತಿ ಕೊಟ್ಟಿಲ್ಲವಾದ್ದರಿಂದ ಇಲ್ಲೂ ಕೊಟ್ಟಿಲ್ಲ. ಸಕ್ಕರೆ ಮಿತಿ ಮೀರಿದ್ದರೂ, ಮೂಲದಲ್ಲಿ ನಕ್ಷತ್ರವೋ H ಎಂಬ ಗುರುತೋ ಇಲ್ಲದಿದ್ದರೆ ಅನುವಾದಕರು ತಾವಾಗಿ ಅದನ್ನು ಸೇರಿಸಬಾರದು. ಮೂಲದಲ್ಲಿದ್ದರೆ ಬಿಡಲೂ ಬಾರದು.

ವರದಿಯ ವ್ಯಾಪ್ತಿ ನಮ್ಮ ಊರಿನ ಲ್ಯಾಬಿನ ವ್ಯಾಪ್ತಿಗೆ ಹೊಂದುತ್ತಿಲ್ಲ. ತಿದ್ದಬಹುದೇ?

ತಿದ್ದಬಾರದು. ಉಲ್ಲೇಖ ವ್ಯಾಪ್ತಿ ಎಂಬುದು ದೇಹದ ಗುಣವಷ್ಟೇ ಅಲ್ಲ. ಆ ಲ್ಯಾಬು ಬಳಸಿದ ಯಂತ್ರ, ಕಿಟ್ ಮತ್ತು ವಿಧಾನದ ಗುಣವೂ ಹೌದು. ಹಾರ್ಮೋನು ಪರೀಕ್ಷೆಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೇ ಕೆಲವು ವರದಿಗಳಲ್ಲಿ ‘ರವೆಶ್’ ಎಂಬ ಕಾಲಮಿನಲ್ಲಿ ವಿಧಾನದ ಹೆಸರನ್ನೂ ಕೊಟ್ಟಿರುತ್ತಾರೆ. ಅದನ್ನು ಅನಗತ್ಯವೆಂದು ಕೈಬಿಡುವುದು ಸರಿಯಲ್ಲ.

ವಿಟಮಿನ್ ಡಿಯಂಥ ಪರೀಕ್ಷೆಗಳಿಗೆ ಒಂದು ವ್ಯಾಪ್ತಿಯ ಬದಲು ತೀವ್ರ ಕೊರತೆ, ಕೊರತೆ, ಸಾಕಷ್ಟು, ವಿಷಮಟ್ಟ ಎಂಬ ಮೆಟ್ಟಿಲುಗಳಿರುತ್ತವೆ. ಮೆಟ್ಟಿಲುಗಳ ಗಡಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುವುದರಿಂದ ಪ್ರತಿಯೊಂದನ್ನೂ ಅಚ್ಚಾದಂತೆಯೇ ತರಬೇಕು. ಇಲ್ಲಿ ಏಕಮಾನದ ಮೇಲೂ ಕಣ್ಣಿಡಬೇಕು, ಏಕೆಂದರೆ ng/mLನಲ್ಲಿ 20 ಇರುವುದು nmol/Lನಲ್ಲಿ ಸುಮಾರು 50 ಆಗುತ್ತದೆ. ಗಂಡಸರಿಗೆ, ಹೆಂಗಸರಿಗೆ, ಗರ್ಭಿಣಿಯರಿಗೆ, ಮಕ್ಕಳಿಗೆ ಎಂದು ಬೇರೆ ಬೇರೆ ವ್ಯಾಪ್ತಿಗಳನ್ನು ಕೊಟ್ಟಿದ್ದರೆ ಈ ರೋಗಿಗೆ ಸಲ್ಲುವುದನ್ನು ಮಾತ್ರ ಆರಿಸದೆ ಎಲ್ಲವನ್ನೂ ಕೊಡಬೇಕು.

ಪರೀಕ್ಷೆಗಳ ಸಂಕ್ಷಿಪ್ತ ಹೆಸರುಗಳನ್ನು ಬಿಡಿಸಿ ಬರೆಯಬೇಕೇ?

ಮೂಲದ ಸಂಕ್ಷಿಪ್ತ ರೂಪವನ್ನು ಉಳಿಸಿಕೊಂಡು, ಖಚಿತವಾಗಿ ಗೊತ್ತಿದ್ದರೆ ಪಕ್ಕದಲ್ಲಿ ಪೂರ್ಣ ಹೆಸರನ್ನು ಕೊಡುವುದು ಒಳ್ಳೆಯದು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಹಾಕುವುದು ಒಳ್ಳೆಯದಲ್ಲ. SGOT ಮತ್ತು SGPT ಎಂಬುವು ಇಂದಿನ AST ಮತ್ತು ALT ಎಂಬುದು ನಿಜವಾದರೂ, ರೋಗಿ ಮುಂದೆ ಮೂಲ ಹಾಳೆಯನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟಾಗ ಒಂದೊಂದು ಸಾಲೂ ಇನ್ನೊಂದಕ್ಕೆ ತಾಳೆಯಾಗಬೇಕು.

ಎಲ್ಲೆಡೆ ಒಂದೇ ಅರ್ಥ ಕೊಡುವ ಸಂಕ್ಷೇಪಗಳ ಬಗ್ಗೆ ಚಿಂತೆಯಿಲ್ಲ. ಚಿಂತೆ ಇರುವುದು Wright ತರಹದವುಗಳ ಬಗ್ಗೆ. ಇರಾನಿನ ಹೊರಗೆ ಆ ಹೆಸರು ಕೇಳಿದ ಕೂಡಲೇ ಲ್ಯಾಬಿನವರಿಗೆ ನೆನಪಾಗುವುದು ರಕ್ತಲೇಪಕ್ಕೆ ಹಾಕುವ ಬಣ್ಣ. ಅದಕ್ಕೆ ಫಲಿತಾಂಶ 1:80 ಎಂದರೆ ಅವರಿಗೆ ತಲೆಬುಡ ತಿಳಿಯದು. ಇದು ಬ್ರೂಸೆಲ್ಲಾ ಪ್ರತಿಕಾಯಗಳಿಗಾಗಿ ಕೊಳವೆಯಲ್ಲಿ ಮಾಡುವ ಗಂಟುಗಟ್ಟುವ ಪರೀಕ್ಷೆ ಎಂದು ಟಿಪ್ಪಣಿ ಬೇಕೇ ಬೇಕು. 2ME ಎಂಬುದು ಅದೇ ಪರೀಕ್ಷೆಯನ್ನು ಮರ್ಕ್ಯಾಪ್ಟೊಎಥನಾಲ್ ಸೇರಿಸಿ ಮಾಡಿದ ರೂಪ. ಆ ರಾಸಾಯನಿಕ ಐಜಿಎಂ ಪ್ರತಿಕಾಯಗಳನ್ನು ಮುರಿಯುವುದರಿಂದ ಉಳಿದ ಟೈಟರು ಬಹುಮಟ್ಟಿಗೆ ಐಜಿಜಿಯದು, ವೈದ್ಯರು ಸೋಂಕು ಇನ್ನೂ ಸಕ್ರಿಯವಾಗಿದೆಯೇ ಎಂದು ತೂಗುವುದು ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಿ. ಹೀಗಾಗಿ ಒಂದನ್ನು ಬಿಟ್ಟರೆ ಇನ್ನೊಂದರ ಬೆಲೆಯೂ ಇಳಿಯುತ್ತದೆ.

ಯಾವುದಾದರೂ ಸಂಕ್ಷೇಪ ಗೊತ್ತಾಗದಿದ್ದರೆ ಅದನ್ನು ಹಾಗೆಯೇ ಬಿಡುವುದು ಮರ್ಯಾದೆಯ ಕೆಲಸ. ತಪ್ಪಾಗಿ ಬಿಡಿಸಿದ ಹೆಸರು ಓದುಗರಿಗೆ ಮೂಲವನ್ನು ಹುಡುಕುವ ದಾರಿಯನ್ನೇ ಮುಚ್ಚುತ್ತದೆ.

TSH ಎದುರು mIU/mL ಎಂದು ಅಚ್ಚಾಗಿದೆ. ಇದು ಸರಿಯೇ?

ಬಹುಶಃ ಅಚ್ಚಿನ ದೋಷ. TSHಗೆ ಬಳಸುವ ಏಕಮಾನ µIU/mL ಅಥವಾ mIU/L. ಈ ಎರಡರಲ್ಲೂ ಅಂಕಿ ಒಂದೇ ಇರುತ್ತದೆ. mIU/mL ಎಂದಾದರೆ ಸಾವಿರ ಪಟ್ಟು ಹೆಚ್ಚು. ಮುದ್ರಕಕ್ಕೆ µ ಅಕ್ಷರ ಸಿಗದಿದ್ದಾಗ ಕೆಲವೊಮ್ಮೆ u ಬರುತ್ತದೆ, ಕೆಲವೊಮ್ಮೆ m ಬಂದುಬಿಡುತ್ತದೆ. u ಇದ್ದರೆ µ ಎಂದು ಬರೆಯಬಹುದು. m ಇದ್ದರೆ ಅಚ್ಚಾದಂತೆಯೇ ಬರೆದು, ಮೂಲದಲ್ಲಿ ಹೀಗಿದೆ, ವ್ಯಾಪ್ತಿಯನ್ನು ನೋಡಿದರೆ µIU/mL ಇರಬೇಕೆನಿಸುತ್ತದೆ ಎಂದು ಟಿಪ್ಪಣಿ ಹಾಕಬೇಕು. ಸದ್ದಿಲ್ಲದೆ ತಿದ್ದುವ ಅಧಿಕಾರ ಅನುವಾದಕರಿಗಿಲ್ಲ, ಲ್ಯಾಬಿಗಿದೆ.

ದಿನಾಂಕ ۱۴۰۳/۰۲/۱۵ ಎಂದಿದೆ. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು?

ಇದು ಇರಾನಿನ ಸೌರ ಹಿಜ್ರಿ ಪಂಚಾಂಗದ ದಿನಾಂಕ: ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. 1403ರ ವರ್ಷ 2024ರ ಮಾರ್ಚ್ 20ರಂದು ಆರಂಭವಾಯಿತು. ಮೊದಲ ತಿಂಗಳು ಫರ್ವರ್ದೀನಿಗೆ 31 ದಿನ, ಆದ್ದರಿಂದ ಎರಡನೆಯ ತಿಂಗಳು ಓರ್ದಿಬೆಹೆಶ್ತ್ ಏಪ್ರಿಲ್ 20ಕ್ಕೆ ಮೊದಲಾಗಿ ಅದರ ಹದಿನೈದನೆಯ ದಿನ 2024ರ ಮೇ 4 ಆಗುತ್ತದೆ. ಸ್ಥೂಲವಾಗಿ ವರ್ಷಕ್ಕೆ 621 ಕೂಡಿಸಬೇಕು. ಜನವರಿಯಿಂದ ಮಾರ್ಚ್ ನಡುಭಾಗದವರೆಗೆ ಬೀಳುವ ದಿನಗಳಿಗೆ 622 ಕೂಡಿಸಬೇಕು. ಹೀಗಾಗಿ ۱۴۰۳/۱۱/۲۰ ಎಂಬುದು 2025ರ ಫೆಬ್ರವರಿ 8. ವರ್ಷದ ಆರಂಭ ಕೆಲವೊಮ್ಮೆ ಮಾರ್ಚ್ 20, ಕೆಲವೊಮ್ಮೆ 21 ಆಗುವುದರಿಂದ ಒಂದು ದಿನದ ವ್ಯತ್ಯಾಸ ಸುಲಭವಾಗಿ ನುಸುಳುತ್ತದೆ. ನಂಬಿಕಸ್ಥ ಪರಿವರ್ತಕದಲ್ಲಿ ಒಮ್ಮೆ ನೋಡಿಕೊಳ್ಳಬೇಕು.

ವರ್ಷವನ್ನು ಎರಡೇ ಅಂಕಿಗಳಲ್ಲಿ ۰۳/۰۲/۱۵ ಎಂದು ಬರೆದಿದ್ದರೆ ಅದನ್ನು 2015ರ ಫೆಬ್ರವರಿ 3 ಎಂದು ಓದುವವರಿದ್ದಾರೆ. ಹೊಸ ಪರೀಕ್ಷೆ ಆಗ ಹಳೆಯದಾಗಿ ಕಾಣುತ್ತದೆ. ಅನುವಾದದಲ್ಲಿ ಎರಡೂ ಪಂಚಾಂಗದ ದಿನಾಂಕಗಳನ್ನು ಕೊಟ್ಟು ತಿಂಗಳನ್ನು ಅಕ್ಷರದಲ್ಲಿ ಬರೆಯಬೇಕು. ಹುಟ್ಟಿದ ವರ್ಷ ಮಾತ್ರ ಇದ್ದರೆ ಅದು ಎರಡು ಇಂಗ್ಲಿಷ್ ವರ್ಷಗಳಲ್ಲಿ ಹಂಚಿಹೋಗುತ್ತದೆ: 1351 ಎಂದರೆ 1972–73.

ಹಾಳೆಯ ಅಡಿಯ ಸಣ್ಣ ಷರಾಗಳೂ ಬೇಕೇ?

ಅವು ಬೇಕು, ಕೆಲವೊಮ್ಮೆ ಕೋಷ್ಟಕಕ್ಕಿಂತ ಹೆಚ್ಚಾಗಿ ಬೇಕು. ‘ನಮೂನೆ ಹೆಮೊಲೀಜ್’ ಎಂದು ಬರೆದಿದ್ದರೆ ಮಾದರಿಯ ಕೆಂಪು ರಕ್ತಕಣಗಳು ಒಡೆದಿದ್ದವು ಎಂದರ್ಥ. ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರಿ ಫಲಿತಾಂಶ ಇಲ್ಲದ ಏರಿಕೆಯನ್ನು ತೋರಿಸುವುದರಿಂದ, ಆ ಎರಡು ಪದಗಳನ್ನು ಬಿಟ್ಟರೆ ವೈದ್ಯರು ಇಲ್ಲದ ಅಪಾಯಕ್ಕೆ ಚಿಕಿತ್ಸೆ ಕೊಟ್ಟಾರು. ‘ತೆಕ್ರಾರ್ ಶೊದ್’ ಎಂದರೆ ಪರೀಕ್ಷೆಯನ್ನು ಮರಳಿ ಮಾಡಿ ಖಚಿತಪಡಿಸಿಕೊಂಡರು ಎಂದರ್ಥ. ಅಸಹಜ ಅಂಕಿಯ ಪಕ್ಕದಲ್ಲಿ ಅದಕ್ಕೆ ತೂಕವಿದೆ. ‘ಮನ್ಫಿ’ ಎಂದರೆ ನೆಗೆಟಿವ್, ‘ಮೊಶಾಹೆದೆ ನಶೊದ್’ ಎಂದರೆ ಕಂಡುಬಂದಿಲ್ಲ. ಮಲ ಪರೀಕ್ಷೆಯಲ್ಲಿ ಪರಾವಲಂಬಿಗಳು ಕಂಡುಬಂದಿಲ್ಲ ಎಂದಿದ್ದರೆ ಅದನ್ನು ನೆಗೆಟಿವ್ ಎಂದು ಬದಲಿಸಬಾರದು, ಏಕೆಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹೇಳಿದ್ದು ಅಷ್ಟೇ.

ಕೋಷ್ಟಕದಲ್ಲಿ ಹಿಂದಿನ ಫಲಿತಾಂಶದ ಕಾಲಂ ಇದ್ದರೆ ಇನ್ನೂ ಎಚ್ಚರ ಬೇಕು. ಪರ್ಷಿಯನ್ ಕೋಷ್ಟಕದ ಮೊದಲ ಕಾಲಂ ಬಲಗಡೆ ಇರುತ್ತದೆ. ಅದನ್ನು ಇಂಗ್ಲಿಷಿಗಾಗಿ ತಿರುವಿ ಜೋಡಿಸುವಾಗ ‘ಘಬ್ಲಿ’ ಎಂಬ ತಲೆಬರಹವಿರುವ ಹಳೆಯ ಅಂಕಿ ಇಂದಿನದರ ಜಾಗಕ್ಕೆ ಬಂದು ಕೂರಬಹುದು.

ಅನುವಾದಕ್ಕೆ ಮಾನ್ಯತೆ ಬೇಕೆಂದರೆ ಏನು ಮಾಡಬೇಕು?

ವೈದ್ಯರಿಗೆ ತೋರಿಸಲಷ್ಟೇ ಆದರೆ ನಿಖರವಾದ ಅನುವಾದವೂ ಜೊತೆಗೆ ಮೂಲದ ಪ್ರತಿಯೂ ಸಾಕಾಗುತ್ತವೆ. ವೀಸಾ, ವಿಮೆ, ನ್ಯಾಯಾಲಯಗಳಿಗಾದರೆ ಇರಾನಿನಲ್ಲಿ ನ್ಯಾಯಾಂಗ ಇಲಾಖೆಯಿಂದ ಪರವಾನಗಿ ಪಡೆದ ‘ಮೊತರ್ಜೆಮೆ ರಸ್ಮಿ’ ಮುದ್ರೆ ಹಾಕಿದ ಅನುವಾದವನ್ನು ಕೇಳುತ್ತಾರೆ. ಅವರ ಕಚೇರಿಗೆ ‘ದಾರೊಲ್ತರ್ಜೊಮೆ’ ಎನ್ನುತ್ತಾರೆ. ಏನು ಬೇಕೆಂದು ಕಾಗದ ಸ್ವೀಕರಿಸುವ ಕಚೇರಿಯನ್ನೇ ಮೊದಲು ಕೇಳಿಕೊಳ್ಳಬೇಕು. ಮೂಲದಲ್ಲಿರುವ ಮುದ್ರೆ, ಸಹಿಗಳನ್ನು ಇಂಥ ಜಾಗದಲ್ಲಿ ಇಂಥವರ ಮುದ್ರೆ ಇದೆ ಎಂದು ವಿವರಿಸಬೇಕು. ‘ಮಸ್ಊಲೆ ಫನ್ನಿ’ ಎಂದರೆ ಲ್ಯಾಬಿನ ತಾಂತ್ರಿಕ ಹೊಣೆ ಹೊತ್ತವರು. ರೋಗಿಯ ಹೆಸರಿಗೆ ಪಾಸ್‌ಪೋರ್ಟಿನ ಕಾಗುಣಿತವೇ ಪ್ರಮಾಣ, ಉಚ್ಚಾರಣೆ ಹೇಗೇ ಇರಲಿ.

ಅಫ್ಘಾನಿಸ್ತಾನದ ವರದಿಗಳಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಲಿಪಿ, ಬರಹದ ದಿಕ್ಕು, ವ್ಯಾಪ್ತಿ ಹಿಂದುಮುಂದಾಗುವ ಸಂಗತಿಗಳು ಅನ್ವಯಿಸುತ್ತವೆ. ಪದಗಳು ಬೇರೆ: ಇರಾನಿನವರ ‘ಆಜ್ಮಾಯೆಶ್‌ಗಾಹ್’ ಅಲ್ಲಿ ‘ಲಾಬ್ರಾತುವಾರ್’. ಸೌರ ಪಂಚಾಂಗದ ತಿಂಗಳುಗಳಿಗೆ ಫರ್ವರ್ದೀನ್, ಓರ್ದಿಬೆಹೆಶ್ತ್ ಬದಲು ಹಮಲ್, ಸೌರ್ ಎಂಬ ರಾಶಿಗಳ ಹೆಸರುಗಳಿವೆ. ಚಾಂದ್ರ ಹಿಜ್ರಿಯ ದಿನಾಂಕಗಳೂ ಕಾಣಿಸುವುದರಿಂದ ವರ್ಷದ ಸಂಖ್ಯೆಯನ್ನು ನೋಡಿ ಯಾವ ಪಂಚಾಂಗವೆಂದು ಮೊದಲು ನಿರ್ಧರಿಸಬೇಕು: 2024ರ ಮೇ ತಿಂಗಳ ವರದಿಯಲ್ಲಿ ಸೌರವಾದರೆ 1403 ಇರುತ್ತದೆ, ಚಾಂದ್ರವಾದರೆ 1445 ಇರುತ್ತದೆ.

ಮುಗಿಸಿದ ಮೇಲೆ ಪರಿಶೀಲಿಸುವುದು ಹೇಗೆ?

ಇಬ್ಬರು ಕುಳಿತು ಮಾಡುವುದು ಒಳ್ಳೆಯದು. ಒಬ್ಬರು ಮೂಲದ ಸಾಲನ್ನು ಪರ್ಷಿಯನ್ನಿನಲ್ಲಿ ಗಟ್ಟಿಯಾಗಿ ಓದಬೇಕು, ‘ಯೆಕ್ ಮೊಮಯ್ಯೆಜ್ ಸೆ’ ಎಂದು ದಶಮಾಂಶವನ್ನೂ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರು ಅನುವಾದದ ಅಂಕಿಯ ಮೇಲೆ ಬೆರಳಿಟ್ಟು ಹೋಗಬೇಕು. ಆಮೇಲೆ ಪ್ರತಿ ಫಲಿತಾಂಶವನ್ನೂ ಅದರದೇ ವ್ಯಾಪ್ತಿಯ ಪಕ್ಕದಲ್ಲಿಟ್ಟು ನೋಡಬೇಕು. ವ್ಯಾಪ್ತಿಗಿಂತ ಹತ್ತು ಪಟ್ಟು ಹೆಚ್ಚೋ ಹತ್ತನೆಯ ಒಂದು ಭಾಗವೋ ಇದ್ದರೆ ದಶಮಾಂಶ ಜಾರಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ಮೂಲದಲ್ಲಿ ಗುರುತು ಹಾಕಿದ ಸಾಲುಗಳೇ ಅನುವಾದದಲ್ಲೂ ವ್ಯಾಪ್ತಿಯ ಹೊರಗೆ ಬೀಳುತ್ತಿವೆಯೇ ಎಂದು ತಾಳೆ ನೋಡಿದರೆ ತಿರುಗಿಹೋದ ಚಿಹ್ನೆಗಳೂ ಸಿಕ್ಕಿಬೀಳುತ್ತವೆ. ಆದರೆ ಅಂಕಿ ನಿಜವಾಗಿಯೂ ವಿಪರೀತವಾಗಿದ್ದು ಮೂಲದಲ್ಲೂ ಹಾಗೆಯೇ ಇದ್ದರೆ ಅದನ್ನು ಮುಟ್ಟದೆ ಬಿಟ್ಟು, ವರದಿಯನ್ನು ತಡಮಾಡದೆ ವೈದ್ಯರಿಗೆ ತಲುಪಿಸುವಂತೆ ರೋಗಿಯ ಮನೆಯವರಿಗೆ ಹೇಳಬೇಕು.